ರಿಮೋಟ್ ಡೆಸ್ಕ್‌ಟಾಪ್ ಒಳಗೆ ಸ್ಕ್ರೀನ್‌ಶಾಟ್: ಚಿತ್ರ ಯಾವ ಕಂಪ್ಯೂಟರಿಗೆ ಹೋಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯಲ್ಲಿ ಮಳೆ ಜೋರಾಗಿ ಲೋಕಲ್ ರೈಲು ನಿಂತರೆ ಫೋರ್ಟ್, ಅಂಧೇರಿ ಕಡೆಯ ಸಣ್ಣ ಆಫೀಸುಗಳ ಲೆಕ್ಕಪತ್ರವೆಲ್ಲ ಡೊಂಬಿವಲಿ, ಮುಲುಂಡ್, ಮೀರಾ ರೋಡಿನ ಮನೆಗಳಿಂದ ನಡೆಯುತ್ತದೆ. ಆ ದಿನಗಳಲ್ಲಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹೆಚ್ಚಾಗಿ ಬರುವ ದೂರು ಒಂದೇ: "ಸ್ಕ್ರೀನ್‌ಶಾಟ್ ತೆಗೆದೆ ಮಾರಾಯ್ರೆ, ಅದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ." ಪುಣೆಯ ಹಿಂಜವಡಿಯವರು, ಗೋವಾದ ವಾಸ್ಕೊದಲ್ಲಿ ಹಡಗು ಏಜೆನ್ಸಿಯಲ್ಲಿರುವವರು ಕೇಳುವುದೂ ಇದನ್ನೇ. ಅವರಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಎಲ್ಲವೂ ವಿಂಡೋಸ್ ಜೊತೆಗೇ ಬರುವ Remote Desktop Connection, ಅಂದರೆ `mstsc`, ಬಗ್ಗೆ. ನಿಮ್ಮ ಕೈಕೆಳಗಿರುವ ಲ್ಯಾಪ್‌ಟಾಪನ್ನು "ಈಚೆಯ ಯಂತ್ರ" ಎಂದೂ ನೀವು ದೂರದಿಂದ ನಡೆಸುತ್ತಿರುವ ಕಂಪ್ಯೂಟರ್ ಅಥವಾ ಸರ್ವರನ್ನು "ಆಚೆಯ ಯಂತ್ರ" ಎಂದೂ ಕರೆಯುತ್ತೇನೆ.

ಒಂದೇ ಕೀ ಒತ್ತಿದರೂ ಚಿತ್ರ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಸಿಗುತ್ತದೆ. ಯಾಕೆ?

ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲನೆಯದು, ನೀವು ಒತ್ತಿದ ಕೀಯನ್ನು ಯಾವ ಯಂತ್ರ ಕೇಳಿಸಿಕೊಂಡಿತು ಎನ್ನುವುದು. ಎರಡನೆಯದು, ತೆಗೆದ ಚಿತ್ರವನ್ನು ಎರಡೂ ಯಂತ್ರಗಳು ಹಂಚಿಕೊಳ್ಳುತ್ತಿವೆಯೇ ಎನ್ನುವುದು.

`Win`+`Shift`+`S` ಒತ್ತಿದಿರಿ ಅಂದುಕೊಳ್ಳಿ. ಅದನ್ನು ಈಚೆಯ ವಿಂಡೋಸ್ ಹಿಡಿದರೆ ಈಚೆಯ ಪರದೆ ಮಬ್ಬಾಗುತ್ತದೆ, ನೀವು ಗೆರೆ ಎಳೆದ ಭಾಗ ಈಚೆಯ ಕ್ಲಿಪ್‌ಬೋರ್ಡಿಗೆ, ಅಂದರೆ ನಕಲು ಮಾಡಿದ್ದು ಪೇಸ್ಟ್ ಮಾಡುವವರೆಗೆ ಕೂರುವ ಜಾಗಕ್ಕೆ, ಬರುತ್ತದೆ. ಆಚೆಯ ವಿಂಡೋಸ್ ಹಿಡಿದರೆ ಇದೆಲ್ಲ ಅಲ್ಲಿ ನಡೆಯುತ್ತದೆ. ಸೆಷನ್, ಅಂದರೆ ಆಚೆಯ ಯಂತ್ರ ಕಾಣುವ ಕಿಟಕಿ, ಪೂರ್ತಿ ಪರದೆ ತುಂಬಿಕೊಂಡಿರುವಾಗ ಎರಡೂ ನೋಡಲು ಒಂದೇ ತರ ಇರುತ್ತವೆ. ಗೊಂದಲ ಹುಟ್ಟುವುದು ಅಲ್ಲೇ.

ಸೆಷನ್‌ಗಳಲ್ಲಿ ಸಾಮಾನ್ಯವಾಗಿ ಕ್ಲಿಪ್‌ಬೋರ್ಡ್ ಹಂಚಿಕೆ ಆನ್ ಆಗಿಯೇ ಇರುತ್ತದೆ. ಹಾಗಾಗಿ ಚಿತ್ರ ಆಚೆ ತೆಗೆದದ್ದಾದರೂ ಈಚೆ ಪೇಸ್ಟ್ ಆಗುತ್ತದೆ, ನೀವು "ಸರಿ, ಚಿತ್ರ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ" ಅಂದುಕೊಳ್ಳುತ್ತೀರಿ. ಸೆಷನ್ ಮುಚ್ಚಿದ ಮೇಲೆ ಅದು ಇಲ್ಲದಿರುವುದು ಗೊತ್ತಾಗುತ್ತದೆ. ಅದರ ಕಾರಣಕ್ಕೆ ಮುಂದೆ ಬರುತ್ತೇನೆ.

ಕೀ ಯಾರಿಗೆ ಹೋಗಬೇಕು ಎಂದು ಹೇಳುವ ಸೆಟ್ಟಿಂಗ್ ಎಲ್ಲಿದೆ?

`mstsc` ತೆರೆದು Show Options ಒತ್ತಿ, Local Resources ಟ್ಯಾಬಿಗೆ ಹೋಗಿ. Keyboard ಎಂಬ ಭಾಗದಲ್ಲಿ Apply Windows key combinations ಎಂಬ ಪಟ್ಟಿ ಇದೆ. ಅದರಲ್ಲಿ ಮೂರು ಆಯ್ಕೆಗಳು: On this computer, On the remote computer, Only when using the full screen. ನೀವು ಏನೂ ಮುಟ್ಟದೆ ಬಿಟ್ಟಿದ್ದರೆ ಮೂರನೆಯದು ಇರುತ್ತದೆ.

ಸಂಪರ್ಕವನ್ನು `.rdp` ಫೈಲಾಗಿ ಉಳಿಸಿಟ್ಟವರು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಇದೇ ಆಯ್ಕೆ ಒಂದು ಸಾಲಾಗಿ ಕಾಣುತ್ತದೆ. ಕ್ಲಿಪ್‌ಬೋರ್ಡ್ ಹಂಚಿಕೆಯ ಸಾಲೂ ಅಲ್ಲೇ ಇರುತ್ತದೆ:

```
keyboardhook:i:2
redirectclipboard:i:1
```

ಮೊದಲ ಸಾಲಿನಲ್ಲಿ 0 ಇದ್ದರೆ ಕೀ ಯಾವಾಗಲೂ ಈಚೆಗೆ, 1 ಇದ್ದರೆ ಆಚೆಗೆ, 2 ಇದ್ದರೆ ಪೂರ್ತಿ ಪರದೆಯಲ್ಲಿದ್ದಾಗ ಮಾತ್ರ ಆಚೆಗೆ. ಎರಡನೆಯ ಸಾಲಿನಲ್ಲಿ 1 ಅಂದರೆ ಕ್ಲಿಪ್‌ಬೋರ್ಡ್ ಹಂಚಿಕೆ ಇದೆ, 0 ಅಂದರೆ ಇಲ್ಲ.

ನನ್ನನ್ನು ಕೇಳಿದರೆ 2 ಅನ್ನೇ ಇಟ್ಟುಕೊಳ್ಳಿ. ಅದರಲ್ಲಿ ಒಂದು ಅನುಕೂಲವಿದೆ. `Ctrl`+`Alt`+`Break` ಒತ್ತಿದರೆ ಸೆಷನ್ ಪೂರ್ತಿ ಪರದೆಯಿಂದ ಸಣ್ಣ ಕಿಟಕಿಗೆ ಇಳಿಯುತ್ತದೆ, ಮತ್ತೆ ಒತ್ತಿದರೆ ತುಂಬಿಕೊಳ್ಳುತ್ತದೆ. ಪೂರ್ತಿ ಪರದೆಯಲ್ಲಿ `Win`+`Shift`+`S` ಒತ್ತಿದರೆ ಚಿತ್ರ ಆಚೆಗೆ, ಕಿಟಕಿಗೆ ಇಳಿಸಿ ಅದೇ ಕೀ ಒತ್ತಿದರೆ ಈಚೆಗೆ. ಸೆಟ್ಟಿಂಗ್ ತೆರೆಯದೆ ಪ್ರತಿ ಸಲವೂ ನೀವೇ ನಿರ್ಧರಿಸಬಹುದು. ಲ್ಯಾಪ್‌ಟಾಪಿನಲ್ಲಿ `Break` ಕೀ ಇಲ್ಲದಿದ್ದರೆ ಮೇಲಿನ ಸಂಪರ್ಕ ಪಟ್ಟಿಯಲ್ಲಿರುವ ಚೌಕದ ಗುರುತನ್ನು ಒತ್ತಿದರಾಯಿತು.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬಂದಿರುವುದಿಲ್ಲ. ಸೆಷನ್ ಪೂರ್ತಿ ಪರದೆಯಲ್ಲಿದ್ದರೂ ಕೀ ಆಚೆಗೆ ಹೋಗುವುದು ಸೆಷನ್ ಮೇಲೆ ಫೋಕಸ್ ಇದ್ದಾಗ, ಅಂದರೆ ನೀವು ಕೊನೆಗೆ ಕ್ಲಿಕ್ ಮಾಡಿದ ಕಿಟಕಿ ಅದೇ ಆಗಿದ್ದಾಗ, ಮಾತ್ರ. ಎರಡು ಮಾನಿಟರ್ ಇದ್ದು ಒಂದರಲ್ಲಿ ಸೆಷನ್, ಇನ್ನೊಂದರಲ್ಲಿ ನಿಮ್ಮ ಬ್ರೌಸರ್ ಇದ್ದರೆ, ಮೊದಲು ಬ್ರೌಸರ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಆಮೇಲೆ `Win`+`Shift`+`S` ಒತ್ತಿ. ಈಗ ಈಚೆಯ ವಿಂಡೋಸ್ ಎರಡೂ ಪರದೆಗಳನ್ನು ಮಬ್ಬು ಮಾಡುತ್ತದೆ, ಸೆಷನ್ ಇರುವ ಪರದೆಯ ಮೇಲೂ ಗೆರೆ ಎಳೆಯಬಹುದು, ಚಿತ್ರ ಈಚೆಗೇ ಬರುತ್ತದೆ.

`Win`+`Shift`+`S` ಒತ್ತಿದರೆ ಏನೂ ಆಗುವುದೇ ಇಲ್ಲ. ಕೀಬೋರ್ಡ್ ಕೆಟ್ಟಿದೆಯೇ?

ಹೆಚ್ಚಾಗಿ ಕೆಟ್ಟಿರುವುದಿಲ್ಲ. ಕೀ ಆಚೆಗೆ ಹೋಗಿದೆ, ಆಚೆಯ ಯಂತ್ರಕ್ಕೆ ಅದರ ಅರ್ಥ ಗೊತ್ತಿಲ್ಲ. ಈ ಕೀ ವಿಂಡೋಸ್ 10ಕ್ಕೆ ಬಂದದ್ದು 2017ರ 1703 ಆವೃತ್ತಿಯಲ್ಲಿ. ಸಣ್ಣ ಆಫೀಸುಗಳಲ್ಲಿ ಇನ್ನೂ ಓಡುತ್ತಿರುವ ವಿಂಡೋಸ್ ಸರ್ವರ್ 2012 R2, ಸರ್ವರ್ 2016 ಎರಡೂ ಅದಕ್ಕಿಂತ ಹಳೆಯವು. ಅಲ್ಲಿ ಸ್ಟಾರ್ಟ್ ಮೆನುವಿನಲ್ಲಿ `snippingtool` ಎಂದು ಹುಡುಕಿ, ಸಿಕ್ಕರೆ ಹಳೆಯ ಕತ್ತರಿ ಗುರುತಿನ ಪ್ರೋಗ್ರಾಂ ತೆರೆಯಿರಿ. ಆಚೆಯ ಯಂತ್ರದೊಳಗೆ ಮೌಸಿನಿಂದ ತೆರೆದ ಪ್ರೋಗ್ರಾಂ ತೆಗೆಯುವ ಚಿತ್ರ ಖಂಡಿತವಾಗಿ ಆಚೆಯದು. ಇದಕ್ಕೆ ಯಾವ ಕೀಬೋರ್ಡ್ ಸೆಟ್ಟಿಂಗಿನ ಹಂಗೂ ಇಲ್ಲ.

ಬರೀ `PrtScn` ಒತ್ತಿದರೆ?

ಸಾಮಾನ್ಯವಾಗಿ ಅದನ್ನು ಈಚೆಯ ಯಂತ್ರವೇ ಹಿಡಿದುಕೊಳ್ಳುತ್ತದೆ. ಈಚೆಯದು ವಿಂಡೋಸ್ 11 ಆಗಿದ್ದರೆ ಆ ಕೀ ನೇರ ಚಿತ್ರ ತೆಗೆಯುವ ಬದಲು ಸ್ನಿಪ್ಪಿಂಗ್ ಟೂಲ್ ತೆರೆಯಬಹುದು. Settings ಒಳಗೆ Accessibility, ಅದರಲ್ಲಿ Keyboard ಎಂಬಲ್ಲಿ ಇದನ್ನು ಬದಲಿಸಬಹುದು.

ಆ ಆಯ್ಕೆ ಆಫ್ ಇದ್ದಾಗ `PrtScn` ಈಚೆಯ ಎಲ್ಲ ಮಾನಿಟರುಗಳನ್ನೂ ಒಟ್ಟಿಗೆ ತೆಗೆಯುತ್ತದೆ ಎಂಬುದನ್ನು ಮರೆಯಬೇಡಿ. ಸೆಷನ್ ಒಂದು ಪರದೆಯಲ್ಲಿ, ಮನೆಯವರ ಜೊತೆಗಿನ ವಾಟ್ಸಾಪ್ ಮಾತುಕತೆ ಇನ್ನೊಂದರಲ್ಲಿ ಇದ್ದರೆ ಎರಡೂ ಆಡಿಟರ್ ಕೈಗೆ ಹೋಗುತ್ತವೆ.

ಸೆಷನ್ ಬಿಟ್ಟು ಹೊರಗೆ ಬಾರದೆ, ಆಚೆಯ ಯಂತ್ರಕ್ಕೇ ಚಿತ್ರ ಸೇರಿಸುವ ಕೀ ಯಾವುದು?

`Ctrl`+`Alt` ಹಿಡಿದು ಸಂಖ್ಯೆಗಳ ಪ್ಯಾಡಿನಲ್ಲಿರುವ `+` ಒತ್ತಿ. ಸೆಷನ್ನಿನ ಪೂರ್ತಿ ಪರದೆ ಆಚೆಯ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ಅದೇ ಪ್ಯಾಡಿನ `-` ಒತ್ತಿದರೆ ಸೆಷನ್ನಿನೊಳಗೆ ಆ ಹೊತ್ತಿಗೆ ಮುಂದಿರುವ ಕಿಟಕಿ ಮಾತ್ರ ಹೋಗುತ್ತದೆ. ಮೊದಲನೆಯದು ಆಚೆ ಕುಳಿತು `PrtScn` ಒತ್ತಿದಂತೆ, ಎರಡನೆಯದು `Alt`+`PrtScn` ಒತ್ತಿದಂತೆ. ಇವೆರಡನ್ನೂ ರಿಮೋಟ್ ಡೆಸ್ಕ್‌ಟಾಪ್ ತಾನೇ ಅರ್ಥಮಾಡಿಕೊಂಡು ಆಚೆಗೆ ಕಳಿಸುತ್ತದೆ.

ಅಕ್ಷರಗಳ ಮೇಲಿನ ಸಾಲಿನಲ್ಲಿರುವ `+`, `-` ಇದಕ್ಕೆ ಲೆಕ್ಕಕ್ಕಿಲ್ಲ. ಸಂಖ್ಯಾ ಪ್ಯಾಡೇ ಇಲ್ಲದ ಸಣ್ಣ ಲ್ಯಾಪ್‌ಟಾಪಿನವರು ಇಲ್ಲಿ ಎಡವುತ್ತಾರೆ. ಅವರಿಗೆ ಸುಲಭದ ದಾರಿ ಎಂದರೆ ಆಚೆಯ ಯಂತ್ರದ ಸ್ಟಾರ್ಟ್ ಮೆನುವಿನಲ್ಲಿ `osk` ಎಂದು ಟೈಪ್ ಮಾಡಿ ಪರದೆಯ ಮೇಲಿನ ಕೀಬೋರ್ಡ್ ತೆರೆದು, ಅದರ `PrtScn` ಅನ್ನು ಮೌಸಿನಿಂದ ಒತ್ತುವುದು. ಚಿತ್ರದಲ್ಲಿ ಆ ಕೀಬೋರ್ಡೂ ಬಂದುಬಿಡುತ್ತದೆ, ಆದ್ದರಿಂದ ಅದನ್ನು ಮೂಲೆಗೆ ಸರಿಸಿಡಿ. ನನಗಂತೂ ಇಷ್ಟೆಲ್ಲ ಸರ್ಕಸ್ಸಿಗಿಂತ ಆಚೆಯ ಸ್ನಿಪ್ಪಿಂಗ್ ಟೂಲೇ ವಾಸಿ ಅನ್ನಿಸುತ್ತದೆ.

ಚಿತ್ರ ಎಲ್ಲಿ ತೆಗೆದದ್ದು ಎಂದು ಚಿತ್ರ ನೋಡಿಯೇ ಹೇಳಬಹುದೇ?

ಹೇಳಬಹುದು, ಪೇಸ್ಟ್ ಮಾಡಿ ನೋಡುವುದಕ್ಕಿಂತ ಅದೇ ನಂಬಬಹುದಾದ ಪರೀಕ್ಷೆ. ಕ್ಲಿಪ್‌ಬೋರ್ಡ್ ಹಂಚಿಕೆ ಇದ್ದಾಗ ಚಿತ್ರ ಎರಡೂ ಕಡೆ ಪೇಸ್ಟ್ ಆಗುವುದರಿಂದ ಪೇಸ್ಟ್ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ಮೊದಲು ಚಿತ್ರದ ಮೇಲ್ಭಾಗ ನೋಡಿ. ಸರ್ವರಿನ ಹೆಸರು ಅಥವಾ ಐಪಿ ವಿಳಾಸ ಇರುವ ಸಂಪರ್ಕ ಪಟ್ಟಿ ಕಂಡರೆ ಅದು ಈಚೆ ತೆಗೆದದ್ದು. ಆ ಪಟ್ಟಿಯನ್ನು ಬರೆಯುವುದು ಈಚೆಯ ಪ್ರೋಗ್ರಾಂ, ಆಚೆಯ ಯಂತ್ರಕ್ಕೆ ಅದು ಇರುವುದೇ ಗೊತ್ತಿಲ್ಲ. ಹೊರಗಿನವರಿಗೆ ಕಳಿಸುವ ಚಿತ್ರದಲ್ಲಿ ಸರ್ವರಿನ ವಿಳಾಸ ಹೋಗಬಾರದು ಎಂದಿದ್ದರೆ ಆಚೆ ತೆಗೆಯುವುದೇ ಸರಿ. ಕೆಳಗೆ ಎರಡು ಟಾಸ್ಕ್‌ಬಾರ್ ಒಂದರ ಮೇಲೊಂದು ಕಂಡರೂ ಅದು ಈಚೆಯದೇ.

ಅದೂ ಸಾಲದಿದ್ದರೆ ಚಿತ್ರದ ಅಳತೆ ನೋಡಿ. ಸೆಷನ್ 1600×900 ರಲ್ಲಿ ಓಡುತ್ತಿದ್ದು ಚಿತ್ರವೂ ಅಷ್ಟೇ ಇದ್ದರೆ ಆಚೆಯ ಪೂರ್ತಿ ಪರದೆ. 3840×1080 ಇದ್ದರೆ ನಿಮ್ಮ ಎರಡು 1920×1080 ಮಾನಿಟರುಗಳು ಅಕ್ಕಪಕ್ಕ ಬಂದಿವೆ ಎಂದರ್ಥ. ಅಕ್ಷರಗಳು ಮಸುಕಾಗಿದ್ದರೂ ಸಂಶಯ ಈಚೆಯ ಮೇಲೆಯೇ: ಸೆಷನ್ನನ್ನು ಕಿಟಕಿಗೆ ಹೊಂದುವಂತೆ ಕುಗ್ಗಿಸಿದ್ದಾಗ ಈಚೆಯ ಸ್ಕ್ರೀನ್‌ಶಾಟಿಗೆ ಸಿಗುವುದು ಕುಗ್ಗಿದ ರೂಪ. ಆಚೆ ತೆಗೆದರೆ ಮೂಲದ ಪಿಕ್ಸೆಲ್‌ಗಳೇ ಸಿಗುತ್ತವೆ. ಟ್ಯಾಲಿಯ ಸಣ್ಣ ಅಂಕಿಗಳಲ್ಲಿ 3 ಮತ್ತು 8 ಬೇರೆ ಮಾಡಿ ಓದಬೇಕಾದಾಗ ಈ ವ್ಯತ್ಯಾಸ ದೊಡ್ಡದು.

ಒಂದು ಪೂರ್ತಿ ಉದಾಹರಣೆ ಕೊಡಿ. ಮನೆಯಿಂದ ಟ್ಯಾಲಿ ನೋಡುತ್ತೇನೆ, ಒಂದು ಚಿತ್ರ ಆಡಿಟರಿಗೆ ವಾಟ್ಸಾಪಿನಲ್ಲಿ, ಇನ್ನೊಂದು ಆಫೀಸಿನ ಮೇಲ್‌ನಲ್ಲಿ ಹೋಗಬೇಕು.

ಡೊಂಬಿವಲಿಯ ಅಕ್ಕ ಒಬ್ಬರು ಕೇಳಿದ್ದು ಇದು. ಅವರ ಏರ್ಪಾಡು ಹೀಗಿತ್ತು: 1920×1080 ಲ್ಯಾಪ್‌ಟಾಪ್, ಪಕ್ಕದಲ್ಲಿ ಅಷ್ಟೇ ಅಳತೆಯ ಮಾನಿಟರ್. ಮಾನಿಟರಿನಲ್ಲಿ ಫೋರ್ಟ್ ಆಫೀಸಿನ ಸರ್ವರ್ ಪೂರ್ತಿ ಪರದೆಯಲ್ಲಿ, ಅದರೊಳಗೆ ಟ್ಯಾಲಿ ಮತ್ತು ಔಟ್‌ಲುಕ್. ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲಿ ವಾಟ್ಸಾಪ್ ವೆಬ್. ಕೀಬೋರ್ಡ್ ಸೆಟ್ಟಿಂಗ್ ಮೊದಲಿನಿಂದ ಇದ್ದಂತೆ 2, ಕ್ಲಿಪ್‌ಬೋರ್ಡ್ ಹಂಚಿಕೆ ಆನ್.

ಆಡಿಟರಿಗೆ ಬೇಕಾದದ್ದು ಡೇಬುಕ್‌ನ ಒಂದೇ ಒಂದು ಸಾಲು. ಉಳಿದ ಸಾಲುಗಳಲ್ಲಿ ಬೇರೆ ಪಾರ್ಟಿಗಳ ಹೆಸರು, ಮೊತ್ತ ಇವೆ, ಅವು ಹೋಗಬೇಕಾಗಿಲ್ಲ. ಚಿತ್ರ ಸೇರಬೇಕಾದದ್ದು ಲ್ಯಾಪ್‌ಟಾಪಿಗೆ, ಯಾಕೆಂದರೆ ವಾಟ್ಸಾಪ್ ಇರುವುದು ಅಲ್ಲಿ. ಆದ್ದರಿಂದ ಟ್ಯಾಲಿಯಲ್ಲಿ ಆ ಸಾಲು ಕಾಣುವಂತೆ ಇಟ್ಟು, ಲ್ಯಾಪ್‌ಟಾಪ್ ಪರದೆಯ ವಾಟ್ಸಾಪ್ ಮೇಲೆ ಕ್ಲಿಕ್ ಮಾಡಿ ಫೋಕಸ್ ಈಚೆಗೆ ತರಬೇಕು. ಈಗ `Win`+`Shift`+`S`. ಎರಡೂ ಪರದೆ ಮಬ್ಬಾದವು ಎಂದರೆ ಕೀ ಈಚೆಗೆ ಬಂದಿದೆ. ಮಾನಿಟರ್ ಮಾತ್ರ ಮಬ್ಬಾದರೆ ಆಚೆಗೆ ಹೋಗಿದೆ, `Esc` ಒತ್ತಿ ಮತ್ತೆ ಮಾಡಿ. ಮಾನಿಟರಿನ ಮೇಲೆ ಆ ಸಾಲಿನ ಸುತ್ತ ಗೆರೆ ಎಳೆದು, ವಾಟ್ಸಾಪಿನಲ್ಲಿ `Ctrl`+`V`. ಇಲ್ಲಿ ಸರ್ವರಿನಿಂದ ಚಿತ್ರ ಪ್ರಯಾಣ ಮಾಡಲೇ ಇಲ್ಲ. ಪರದೆಗೆ ಆಗಲೇ ಬಂದಿದ್ದ ಪಿಕ್ಸೆಲ್‌ಗಳನ್ನೇ ಕತ್ತರಿಸಿದ್ದು.

ಎರಡನೆಯ ಚಿತ್ರಕ್ಕೆ ಮಾನಿಟರಿನ ಟ್ಯಾಲಿ ಕಿಟಕಿಯ ಮೇಲೆ ಕ್ಲಿಕ್ ಮಾಡಿ `Ctrl`+`Alt` ಜೊತೆ ಪ್ಯಾಡಿನ `-`. ಬಳಿಕ ಅಲ್ಲೇ ಔಟ್‌ಲುಕ್ ಮೇಲ್‌ನಲ್ಲಿ `Ctrl`+`V`. ತೆಗೆದದ್ದೂ ಅಂಟಿಸಿದ್ದೂ ಸರ್ವರಿನೊಳಗೆ, ಮನೆಯ ನೆಟ್ ನಿಧಾನವಿದ್ದರೂ ಪೇಸ್ಟ್ ಥಟ್ಟನೆ ಆಗುತ್ತದೆ.

ಕ್ರಮ ಮಾತ್ರ ತಪ್ಪಬಾರದು. ಮೊದಲ ಚಿತ್ರವನ್ನು ವಾಟ್ಸಾಪಿಗೆ ಅಂಟಿಸಿದ ಮೇಲೆಯೇ ಎರಡನೆಯದನ್ನು ತೆಗೆಯಬೇಕು. ಹಂಚಿಕೆ ಇರುವಾಗ ಆಚೆ ಹೊಸದಾಗಿ ಏನನ್ನು ನಕಲು ಮಾಡಿದರೂ ಈಚೆಯ ಕ್ಲಿಪ್‌ಬೋರ್ಡಿನಲ್ಲಿದ್ದದ್ದು ಹೋಗುತ್ತದೆ. ಆಡಿಟರಿಗೆ ಒಂದು ಸಾಲಿನ ಬದಲು ಇಡೀ ಡೇಬುಕ್ ಹೋಗುವುದು ಹೀಗೆಯೇ.

ಆಚೆ ಚಿತ್ರ ತೆಗೆದು, ಸೆಷನ್ ಮುಚ್ಚಿ, ಈಚೆ ಪೇಸ್ಟ್ ಮಾಡಿದರೆ ಖಾಲಿ. ಎಲ್ಲಿ ಹೋಯಿತು?

ಅದು ಈಚೆಗೆ ಬಂದೇ ಇರಲಿಲ್ಲ. ರಿಮೋಟ್ ಡೆಸ್ಕ್‌ಟಾಪಿನ ಕ್ಲಿಪ್‌ಬೋರ್ಡ್ ನಕಲು ಮಾಡಿದ ಕ್ಷಣದಲ್ಲಿ ಚಿತ್ರವನ್ನು ಕಳಿಸುವುದಿಲ್ಲ. "ನನ್ನ ಬಳಿ ಒಂದು ಚಿತ್ರ ಇದೆ" ಎಂಬ ಸುದ್ದಿಯನ್ನಷ್ಟೇ, ಅಂದರೆ ಯಾವ ಯಾವ ರೂಪದಲ್ಲಿ ಇದೆ ಎಂಬ ಪಟ್ಟಿಯನ್ನಷ್ಟೇ, ಇನ್ನೊಂದು ಬದಿಗೆ ಕಳಿಸುತ್ತದೆ. ನೀವು ಈಚೆ `Ctrl`+`V` ಒತ್ತಿದಾಗ ಈಚೆಯ ಯಂತ್ರ "ಸರಿ, ಈಗ ಕೊಡು" ಎಂದು ಕೇಳುತ್ತದೆ, ಆಗ ಚಿತ್ರ ಹೊರಡುತ್ತದೆ. ದೊಡ್ಡ ಅಂಗಡಿಯಲ್ಲಿ ಟೋಕನ್ ತೆಗೆದುಕೊಂಡಂತೆ ಇದು: ಕೈಯಲ್ಲಿ ಚೀಟಿ ಇದೆ, ಸಾಮಾನು ಕೌಂಟರಿನ ಹಿಂದೆಯೇ ಇದೆ. ಕೌಂಟರ್ ಮುಚ್ಚಿದ ಮೇಲೆ ಚೀಟಿಗೆ ಬೆಲೆಯಿಲ್ಲ.

ಆದ್ದರಿಂದ ಸೆಷನ್ ಬಿಡುವ ಮೊದಲು ಈಚೆ ಯಾವುದಾದರೂ ಪ್ರೋಗ್ರಾಮಿನಲ್ಲಿ, ಪೇಂಟ್ ಆದರೂ ಸಾಕು, ಒಮ್ಮೆ ಪೇಸ್ಟ್ ಮಾಡಿ ಉಳಿಸಿಕೊಳ್ಳಿ. ರೈಲಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೆಲಸ ಮಾಡುವವರು ಇದನ್ನು ತಡಮಾಡಬಾರದು. ಸಂಪರ್ಕ ಕಡಿದು ಮತ್ತೆ ಸೇರಿದಾಗ ಚಿತ್ರ ಆಚೆಯ ಕ್ಲಿಪ್‌ಬೋರ್ಡಿನಲ್ಲಿ ಉಳಿದಿರಬಹುದು, ಇಲ್ಲದೆಯೂ ಇರಬಹುದು. ಆಚೆ ಲಾಗ್‌ಆಫ್ ಮಾಡಿದ್ದರೆ ಇರುವ ಪ್ರಶ್ನೆಯೇ ಇಲ್ಲ.

ಪೇಸ್ಟ್ ಆಗುತ್ತದೆ, ಆದರೆ ಪರದೆ ಕೆಲವು ಕ್ಷಣ ಹೆಪ್ಪುಗಟ್ಟುತ್ತದೆ.

ಮೇಲೆ ಹೇಳಿದ ಕಾರಣಕ್ಕೇ. ಚಿತ್ರ ಆಗ ದಾರಿಯಲ್ಲಿದೆ. ಕ್ಲಿಪ್‌ಬೋರ್ಡಿನ ಚಿತ್ರ ಸಾಮಾನ್ಯವಾಗಿ ಪಿಎನ್‌ಜಿಯಂತೆ ಸಂಕುಚಿತವಾಗಿರುವುದಿಲ್ಲ, ಪ್ರತಿ ಪಿಕ್ಸೆಲ್ಲಿಗೆ 4 ಬೈಟ್. 1920×1080 ಪರದೆ ಅಂದರೆ 1920 × 1080 × 4 = 82,94,400 ಬೈಟ್, ಸುಮಾರು 8 ಎಂಬಿ. ದಾರಿಯಲ್ಲಿ ಒಂದಿಷ್ಟು ಸಂಕೋಚನ ಆಗಬಹುದು. ಆಗದಿದ್ದರೆ, ಆಫೀಸಿನ ಅಪ್‌ಲೋಡ್ ವೇಗ 4 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 40 ಲಕ್ಷ ಬಿಟ್ ಇದ್ದಲ್ಲಿ, ಒಂದು ಬೈಟಿಗೆ 8 ಬಿಟ್‌ನಂತೆ ಇದಕ್ಕೆ ಹದಿನೇಳು ಸೆಕೆಂಡಿನ ಹತ್ತಿರ ಬೇಕು.

ಗಮನಿಸಿ, ಇಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಮನೆಯ ಡೌನ್‌ಲೋಡ್ ಮಾತ್ರವಲ್ಲ, ಆಫೀಸಿನ ಅಪ್‌ಲೋಡ್ ಕೂಡ. ಮನೆಗೆ 100 ಎಂಬಿಪಿಎಸ್ ಫೈಬರ್ ಹಾಕಿಸಿಕೊಂಡು "ಆದರೂ ನಿಧಾನ" ಎನ್ನುವವರು ಆಚೆಯ ಬದಿಯನ್ನು ನೋಡಿರುವುದಿಲ್ಲ.

ಪರಿಹಾರ ಸುಲಭ. ಆಚೆಯೇ ಚಿತ್ರವನ್ನು ಪಿಎನ್‌ಜಿ ಫೈಲಾಗಿ ಉಳಿಸಿ, ಆ ಫೈಲನ್ನು ಈಚೆಗೆ ತನ್ನಿ. ಲೆಕ್ಕದ ಪರದೆಗಳಲ್ಲಿ ಹೆಚ್ಚಿನ ಭಾಗ ಒಂದೇ ಬಣ್ಣವಾದ್ದರಿಂದ ಫೈಲ್ ಎಷ್ಟೋ ಚಿಕ್ಕದಾಗುತ್ತದೆ. ಇಲ್ಲವೇ ಬೇಕಾದಷ್ಟೇ ಭಾಗ ಕತ್ತರಿಸಿ. ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ತೆಗೆದರೆ ಭಾರ ಕಾಲುಭಾಗಕ್ಕೆ ಇಳಿಯುತ್ತದೆ.

ಉಳಿಸಿದ ಫೈಲ್ ಎಲ್ಲಿರುತ್ತದೆ, ಅದನ್ನು ಈಚೆಗೆ ತರುವುದು ಹೇಗೆ?

`Win`+`PrtScn` ಒತ್ತಿದರೆ, ಯಾವ ಯಂತ್ರ ಆ ಕೀ ಹಿಡಿಯಿತೋ ಆ ಯಂತ್ರದ Pictures ಒಳಗಿನ Screenshots ಫೋಲ್ಡರಿನಲ್ಲಿ ಪಿಎನ್‌ಜಿ ಕೂರುತ್ತದೆ. ಆ ಯಂತ್ರದಲ್ಲಿ ಒನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ Pictures ಫೋಲ್ಡರೇ ಒನ್‌ಡ್ರೈವ್ ಒಳಗೆ ಹೋಗಿರಬಹುದು. ಆಗ ಚಿತ್ರ ನಿಮಗೆ ಹೇಳದೆಯೇ ಮೂರನೆಯ ಜಾಗವನ್ನೂ ಸೇರಿತು.

ಈಚೆಗೆ ತರಲು ಆಚೆಯ ಎಕ್ಸ್‌ಪ್ಲೋರರಿನಲ್ಲಿ ಫೈಲ್ ಮೇಲೆ `Ctrl`+`C`, ಈಚೆಯ ಫೋಲ್ಡರಿನಲ್ಲಿ `Ctrl`+`V`. ಇಲ್ಲವೇ Local Resources ಟ್ಯಾಬಿನ More ಒಳಗೆ ನಿಮ್ಮ ಒಂದು ಡ್ರೈವ್ ಗುರುತು ಮಾಡಿದರೆ, ಅದು ಆಚೆ `\\tsclient` ಎಂಬ ವಿಳಾಸದಲ್ಲಿ ಸಿಗುತ್ತದೆ. D ಡ್ರೈವ್ ಆದರೆ `\\tsclient\D`. ಆಚೆಯ ಪ್ರೋಗ್ರಾಮಿನಿಂದಲೇ ನೇರ ಅಲ್ಲಿಗೆ ಉಳಿಸಬಹುದು. ಎಲ್ಲ ಡ್ರೈವ್‌ಗಳಿಗೂ ಗುರುತು ಹಾಕುವ ಅಭ್ಯಾಸ ನನಗೆ ಇಷ್ಟವಿಲ್ಲ, ಆಚೆಯ ಸರ್ವರಿಗೆ ವೈರಸ್ ಹೊಕ್ಕರೆ ಅದಕ್ಕೂ ಅದೇ ಬಾಗಿಲು.

ನಿನ್ನೆವರೆಗೆ ಪೇಸ್ಟ್ ಆಗುತ್ತಿತ್ತು. ಇವತ್ತು ಈಚೆಯದು ಆಚೆಗೂ ಆಚೆಯದು ಈಚೆಗೂ ದಾಟುತ್ತಿಲ್ಲ.

ಆಚೆಯ ಯಂತ್ರದಲ್ಲಿ `rdpclip.exe` ಎಂಬ ಸಣ್ಣ ಪ್ರೋಗ್ರಾಂ ಪ್ರತಿ ಸೆಷನ್ನಿಗೂ ಓಡುತ್ತಿರುತ್ತದೆ, ಕ್ಲಿಪ್‌ಬೋರ್ಡ್ ಹಂಚುವುದು ಅದರ ಕೆಲಸ. ಅದು ಕೆಲವೊಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆ. ಈಚೆಯದು ಈಚೆ, ಆಚೆಯದು ಆಚೆ ಪೇಸ್ಟ್ ಆಗುತ್ತಿದ್ದು ದಾಟುವುದು ಮಾತ್ರ ನಿಂತಿದ್ದರೆ ಸಂಶಯ ಅದರ ಮೇಲೆಯೇ. ಆಚೆ ಕಮಾಂಡ್ ಪ್ರಾಂಪ್ಟ್ ತೆರೆದು ಅದನ್ನು ನಿಲ್ಲಿಸಿ ಮತ್ತೆ ಓಡಿಸಿ:

```
taskkill /f /im rdpclip.exe /fi "USERNAME eq %USERNAME%"
rdpclip.exe
```

ಮೊದಲ ಸಾಲಿನ ಕೊನೆಯ ಭಾಗವನ್ನು ಬಿಡಬೇಡಿ. ಹತ್ತು ಜನ ಒಂದೇ ಸರ್ವರಿನಲ್ಲಿ ಕೂತಿರುವ ಆಫೀಸಿನಲ್ಲಿ ಅಡ್ಮಿನ್ ಆಗಿ ಲಾಗಿನ್ ಆದವರು ಅದಿಲ್ಲದೆ ಓಡಿಸಿದರೆ ಎಲ್ಲರ ಕ್ಲಿಪ್‌ಬೋರ್ಡೂ ಒಟ್ಟಿಗೆ ನಿಲ್ಲುತ್ತದೆ.

ಆಫೀಸಿನವರು ಕ್ಲಿಪ್‌ಬೋರ್ಡ್ ಮುಚ್ಚಿದ್ದಾರೆ. ಹಾಗಾದರೆ ಸ್ಕ್ರೀನ್‌ಶಾಟೂ ಆಗದೇ?

ಹಿಂಜವಡಿಯವರ ಪ್ರಶ್ನೆ ಹೆಚ್ಚಾಗಿ ಇದೇ. ಸರ್ವರಿನ ಗ್ರೂಪ್ ಪಾಲಿಸಿಯಲ್ಲಿ, ಅಂದರೆ ಅಡ್ಮಿನ್ ಹಾಕುವ ನಿಯಮಗಳಲ್ಲಿ, Do not allow Clipboard redirection ಎಂಬುದನ್ನು ಹಾಕಿದ್ದರೆ, ನಿಮ್ಮ `.rdp` ಫೈಲಿನಲ್ಲಿ 1 ಇದ್ದರೂ ಪ್ರಯೋಜನವಿಲ್ಲ, ಆಚೆಯ ಮಾತೇ ನಡೆಯುತ್ತದೆ. ಆಗ ಆಚೆ ತೆಗೆದದ್ದು ಆಚೆಯೇ ಉಳಿಯುತ್ತದೆ.

ಆದರೆ ಈಚೆ ತೆಗೆಯುವುದನ್ನು ಆ ಪಾಲಿಸಿ ತಡೆಯುವುದಿಲ್ಲ, ಯಾಕೆಂದರೆ ಅದಕ್ಕೆ ಕ್ಲಿಪ್‌ಬೋರ್ಡಿನ ಸೇತುವೆಯೇ ಬೇಡ. ಪರದೆಯ ಚಿತ್ರ ನಿಮಗೆ ಕಾಣುತ್ತಿದೆ ಎಂದರೆ ಅದು ಈಚೆಗೆ ಬಂದಾಗಿದೆ. ಕ್ಲಿಪ್‌ಬೋರ್ಡ್ ಮುಚ್ಚಿ "ಇನ್ನು ಡೇಟಾ ಹೊರಗೆ ಹೋಗುವುದಿಲ್ಲ" ಎಂದು ನೆಮ್ಮದಿಯಾಗಿರುವ ಅಡ್ಮಿನ್‌ಗಳಿಗೂ ಈ ಮಾತು ಹೇಳಬೇಕು. ಹಾಗೆಂದು ನೀವು ತೆಗೆಯಬಹುದು ಎಂದಲ್ಲ. ಸೇತುವೆ ಮುಚ್ಚಿದ್ದರೆ ಅದರ ಉದ್ದೇಶ ಸ್ಪಷ್ಟವಾಗಿದೆ, ಗ್ರಾಹಕರ ಪರದೆಯನ್ನು ಸ್ವಂತ ಲ್ಯಾಪ್‌ಟಾಪಿಗೆ ಇಳಿಸುವ ಮೊದಲು ಲಿಖಿತವಾಗಿ ಕೇಳಿ.

ತಿರುಗುಮುರುಗು ದಾರಿಯೂ ಉಂಟು. ಹಂಚಿಕೆ ಆನ್ ಇದ್ದಾಗ ನೀವು ಮನೆಯಲ್ಲಿ ನಕಲು ಮಾಡಿದ ಸ್ವಂತ ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರವನ್ನೂ ಸೆಷನ್ನಿನೊಳಗಿನ ಪ್ರೋಗ್ರಾಂ ಕೇಳಿ ಪಡೆಯಬಹುದು. ಸ್ವಂತ ಕೆಲಸ ಮಾಡುವಾಗ ಸೆಷನ್ ಮುಚ್ಚಿಡುವುದು ಲೇಸು.

ಈಚೆ ತೆಗೆದರೆ ಸೆಷನ್ ಇದ್ದ ಜಾಗ ಮಾತ್ರ ಕಪ್ಪು. ಉಳಿದದ್ದೆಲ್ಲ ಚೆನ್ನಾಗಿದೆ.

ಅದು ಕೆಟ್ಟದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಉದಾಹರಣೆಗೆ ಮೈಕ್ರೋಸಾಫ್ಟಿನ ಅಜೂರ್ ವರ್ಚುವಲ್ ಡೆಸ್ಕ್‌ಟಾಪಿನಲ್ಲಿ screen capture protection ಎಂಬ ವ್ಯವಸ್ಥೆ ಇದೆ. ಅದು ಆನ್ ಇದ್ದರೆ ಈಚೆಯ ಸ್ಕ್ರೀನ್‌ಶಾಟಿಗೂ ಮೀಟಿಂಗಿನಲ್ಲಿ ಪರದೆ ಹಂಚುವಾಗಲೂ ಆ ಕಿಟಕಿ ಸಿಗುವುದಿಲ್ಲ. ಆಚೆಯೂ ತೆಗೆಯದಂತೆ ಅದನ್ನು ಬಿಗಿ ಮಾಡಲು ಬರುತ್ತದೆ. ನಿಮ್ಮ ಕಡೆಯಿಂದ ಬದಲಿಸುವಂಥದ್ದು ಏನೂ ಇಲ್ಲ, ಹೆಲ್ಪ್‌ಡೆಸ್ಕಿಗೆ ಟಿಕೆಟ್ ಹಾಕಿ.

ಒಂದು ಸೆಷನ್ನಿನೊಳಗಿಂದ ಇನ್ನೊಂದಕ್ಕೆ ಹೋಗುತ್ತೇನೆ. ಆಗ?

ವಾಸ್ಕೊದ ಆಫೀಸಿನಿಂದ ಮುಂಬಯಿಯ ಸರ್ವರ್, ಅಲ್ಲಿಂದ ಒಳಗಿನ ಇನ್ನೊಂದು ಸರ್ವರ್, ಹೀಗೆ ಎರಡು ಜಿಗಿತ ಇದ್ದರೆ ಕೀಗಳನ್ನು ನೆಚ್ಚಿಕೊಳ್ಳಬೇಡಿ. `Ctrl`+`Alt` ಜೊತೆಗಿನ ಪ್ಯಾಡಿನ ಕೀಯನ್ನು ಮೊದಲು ಅರ್ಥಮಾಡಿಕೊಳ್ಳುವುದು ನಿಮ್ಮ ಲ್ಯಾಪ್‌ಟಾಪಿನ ರಿಮೋಟ್ ಡೆಸ್ಕ್‌ಟಾಪ್, ಹಾಗಾಗಿ ಚಿತ್ರ ನಡುವಿನ ಸರ್ವರಿನಲ್ಲೇ ನಿಂತುಬಿಡುವ ಸಾಧ್ಯತೆ ಹೆಚ್ಚು. ಕೊನೆಯ ಸರ್ವರಿನಲ್ಲೇ ಚಿತ್ರ ಬೇಕಾದರೆ ಅದರೊಳಗೆ ಮೌಸಿನಿಂದ ಸ್ನಿಪ್ಪಿಂಗ್ ಟೂಲ್ ತೆರೆದು ಅಲ್ಲೇ ಫೈಲಾಗಿ ಉಳಿಸಿ. ಲ್ಯಾಪ್‌ಟಾಪಿಗೆ ಬೇಕಾದರೆ ಹೊರಗಿನ ಸೆಷನ್ನನ್ನು ಕಿಟಕಿಗೆ ಇಳಿಸಿ ಈಚೆಯೇ ತೆಗೆಯಿರಿ. ಕ್ಲಿಪ್‌ಬೋರ್ಡ್ ಮೂಲಕ ಎರಡು ಸೇತುವೆ ದಾಟಿಸುವುದೆಂದರೆ ಎರಡೂ ಕಡೆ ಹಂಚಿಕೆ ತೆರೆದಿರಬೇಕು, ಎರಡೂ `rdpclip` ಸರಿಯಾಗಿರಬೇಕು.

ನನ್ನದು ಮ್ಯಾಕ್.

ಮ್ಯಾಕಿನಲ್ಲಿ ಈ ಪ್ರೋಗ್ರಾಮಿನ ಈಗಿನ ಹೆಸರು Windows App. `Cmd`+`Shift`+`4` ಒತ್ತಿದರೆ ಮ್ಯಾಕ್ ತಾನೇ ಹಿಡಿದು ಚಿತ್ರವನ್ನು ತನ್ನ ಡೆಸ್ಕ್‌ಟಾಪಿನಲ್ಲಿ ಫೈಲಾಗಿ ಇಡುತ್ತದೆ. ಜೊತೆಗೆ `Control` ಸೇರಿಸಿದರೆ ಫೈಲ್ ಬದಲು ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ಆಚೆಯ ವಿಂಡೋಸಿಗೇ ಚಿತ್ರ ಬೇಕಾದರೆ, ಮ್ಯಾಕ್ ಕೀಬೋರ್ಡಿನಲ್ಲಿ `PrtScn` ಇಲ್ಲದ ಕಾರಣ, ಮೇಲೆ ಹೇಳಿದ `osk` ಅಥವಾ ಆಚೆಯ ಸ್ನಿಪ್ಪಿಂಗ್ ಟೂಲ್ ಬಳಸಿ.